ಹೋಬಳಿಯ ಪರವಾಗಿ ಮಾತಾಡಿದ ಹೊಲ

“ನಿಮ್ ತಂಗಿಯವರ ಹೊಲ ಲೆಕ್ಕಕ್ಕೆ ಬರೋದಿಲ್ಲ ಸಾರ್” ಎಂದು ಕೃಷ್ಣರಾಜಪುರದ ಬ್ಯಾಂಕೊಂದರ ಗುಮಾಸ್ತರು ನನಗೆ ಹೇಳಿದರು. ಹೇಳುವಾಗ ಅವರು ತಲೆ ಎತ್ತಲಿಲ್ಲ. ಪಕ್ಕದಲ್ಲಿ ಖಾಲಿ ಕುರ್ಚಿಯಿತ್ತು, ಕೂರಿ ಎನ್ನಲಿಲ್ಲ. ಮಾತು ಸರಿಯೆಂದು ಆಮೇಲೆ ತಿಳಿಯಿತು. ಆದರೆ ಮಾತು ಸರಿಯಾಗಿದ್ದ ಮಾತ್ರಕ್ಕೆ ಅದನ್ನು ಹೇಳಿದ ರೀತಿ ಸರಿಯಾಗುವುದಿಲ್ಲ ಎಂಬುದು ನನ್ನ ಅಂದಿನ ಅಭಿಪ್ರಾಯ, ಇಂದಿನದೂ ಅದೇ.

ಟಿನ್ ಫ್ಯಾಕ್ಟರಿಯಿಂದ ಮುಂದೆ ತೂಗುಸೇತುವೆ ಕಟ್ಟುತ್ತಿದ್ದ ಕಾಲ. ನಾನು ಹಲಸೂರಿನ ಶಾಲೆಯೊಂದರಲ್ಲಿ ಕನ್ನಡ ಮೇಷ್ಟರ ಕೆಲಸ ಮುಗಿಸಿ ಆಗಲೇ ನಿವೃತ್ತನಾಗಿದ್ದೆ. ನನ್ನ ತಂಗಿಯನ್ನು ಕೊಟ್ಟದ್ದು ದೊಡ್ಡನೆಕ್ಕುಂದಿಯ ಆಚೆಗಿನ ಒಂದು ಹಳ್ಳಿಗೆ. ಅವಳ ಗಂಡ ಅಲ್ಲಿಯೇ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸಗಾರ. ತಿಂಗಳ ಸಂಬಳ ಬರುತ್ತಿದ್ದುದರಿಂದ ಮನೆಗೆ ಕೊರತೆಯಿರಲಿಲ್ಲ. ಎರಡೆಕರೆ ಖುಷ್ಕಿ ಹೊಲ, ಅಂದರೆ ಮಳೆ ಬಂದರೆ ಉಂಟು ಇಲ್ಲದಿದ್ದರೆ ಇಲ್ಲ ಎನ್ನುವಂಥದ್ದು, ಪೂರ್ತಿ ತಂಗಿಯ ಉಸ್ತುವಾರಿಯಲ್ಲಿತ್ತು. ಪ್ರತಿ ಮುಂಗಾರಿಗೂ ಅವಳು ಅದರಲ್ಲಿ ರಾಗಿ ಹಾಕಿಸುತ್ತಿದ್ದಳು. ನಡುವೆ ಅವರೆ ಸಾಲು, ಅಂಚಿಗೆ ಒಂದಿಷ್ಟು ಹುಚ್ಚೆಳ್ಳು.

ಆ ಹೊಲದ ಮೇಲೆ ಇನ್ನೊಬ್ಬರ ಕಣ್ಣಿತ್ತು. ಸುತ್ತ ಮನೆಗಳೇಳುತ್ತಿದ್ದವು, ಮರಳು ಜಲ್ಲಿ ವ್ಯಾಪಾರಿಯೊಬ್ಬರು ಲಾರಿ ನಿಲ್ಲಿಸಿ ಸಾಮಾನು ಸುರಿಯಲು ರಸ್ತೆಬದಿಯ ಜಾಗ ಹುಡುಕುತ್ತಿದ್ದರು. ಬಾಡಿಗೆಗೆ ಕೊಡಿ, ಮಾರುವುದೇನೂ ಬೇಡ ಎಂದು ತಂಗಿಯ ಗಂಡನ ಕಿವಿಯಲ್ಲಿ ಹಾಕಿದ್ದರು. ಒಮ್ಮೆ ಜಲ್ಲಿ ಬಿದ್ದ ನೆಲದಲ್ಲಿ ಮತ್ತೆ ನೇಗಿಲು ನಡೆಯುವುದಿಲ್ಲ ಎಂಬುದು ಅಲ್ಲಿನ ಎಲ್ಲರಿಗೂ ಗೊತ್ತಿದ್ದ ಸಂಗತಿ. ತಂಗಿ ಒಪ್ಪಿರಲಿಲ್ಲ. ಆ ವರ್ಷ ಬಿತ್ತನೆಗೆ ಮುನ್ನ ಅವಳ ಗಂಡ ಒಂದು ಷರತ್ತು ಹಾಕಿದ.

“ನೋಡಮ್ಮಿ, ಇದೊಂದ್ ವರ್ಷ. ಬೆಳೆ ಕೈಗತ್ತಿದ್ರೆ ಸರಿ. ಹೋಯ್ತು ಅಂದ್ರೆ ಜಲ್ಲಿಯವ್ರಿಗೆ ಕೊಟ್ಬಿಡಣ. ಸಂಬ್ಳ ತಂದು ಮಣ್ಣಿಗಾಕಾಕೆ ನನ್ ಕೈಲಾಗಲ್ಲ.”

“ಮಳೆ ನನ್ ಮಾತು ಕೇಳ್ತದಾ?” ಎಂದಳು ತಂಗಿ.

ಆಗ ನಾನು ವಿಮೆಯ ಮಾತು ತೆಗೆದೆ. ಬೆಳೆಸಾಲ ಪಡೆದವರಿಗೆ ವಿಮೆ ತಾನಾಗಿಯೇ ಅಂಟಿಕೊಳ್ಳುತ್ತಿತ್ತು. ಸಾಲವಿಲ್ಲದವರು ಇಷ್ಟಪಟ್ಟರೆ ಬ್ಯಾಂಕಿಗೆ ಹೋಗಿ ತಾವೇ ಕಂತು ಕಟ್ಟಬಹುದಿತ್ತು. “ಬೆಳೆ ಹೋದರೆ ವಿಮೆ ಬರುತ್ತೆ. ವಿಮೆ ಬಂದರೆ ಮುಂದಿನ ವರ್ಷ ಬಿತ್ತಲಿ ಬಿಡಿ” ಎಂದೆ. ಅವಳ ಗಂಡ ಸ್ವಲ್ಪ ಯೋಚಿಸಿ, “ಬಂದ್ರೆ ಬಿತ್ಲಿ. ಬರ್ದಿದ್ರೆ ನಿಮ್ ತಂಗಿ ಕಣ್ಣೀರಾಕ್ಬಾರ್ದು, ನೀವು ಭಾಷಣ ಮಾಡ್ಬಾರ್ದು” ಎಂದ. ಭಾಷಣ ಎಂಬ ಪದವನ್ನು ನಾನು ಮರೆತಿಲ್ಲ.

ಪಹಣಿ ತೆಗೆಸಿ, ಗ್ರಾಮ ಲೆಕ್ಕಿಗರಿಂದ ಇಷ್ಟು ಜಮೀನಿನಲ್ಲಿ ಖುಷ್ಕಿ ರಾಗಿ ಬಿತ್ತಿದೆಯೆಂದು ಬರೆಸಿಕೊಂಡು, ಗಡುವಿಗೆ ಮೊದಲೇ ಬ್ಯಾಂಕಿಗೆ ಹೋಗಿ ಕಂತು ಕಟ್ಟಿಬಂದೆವು. ಗುಮಾಸ್ತರು ನನ್ನನ್ನು ನೋಡಿ, “ಹಲಸೂರು ಕೆರೇಲಿ ರಾಗಿ ಬೆಳೀತೀರಾ ಸಾರ್?” ಎಂದು ನಕ್ಕರು. ಅದು ಅವರ ಮೊದಲನೆಯ ತಪ್ಪು. ಎರಡನೆಯದನ್ನು ಮೇಲೆ ಹೇಳಿದ್ದೇನೆ.

ಪೈರು ಚೆನ್ನಾಗಿ ಎದ್ದಿತು. ತೆನೆ ಒಡೆಯುವ ಹೊತ್ತಿಗೆ ಮಳೆ ಕೈಕೊಟ್ಟಿತು. ತಂಗಿಯ ಹೊಲ ದಿಣ್ಣೆಯ ಮೇಲಿನದು, ಕೆಳಗೆ ಗರಸು. ತೇವ ನಿಲ್ಲುವ ನೆಲವಲ್ಲ. ತೆನೆಗಳು ಮುಷ್ಟಿ ಬಿಗಿಯುವ ಮೊದಲೇ ಬೆಳ್ಳಗಾದವು. ಕೈಯಲ್ಲಿ ಉಜ್ಜಿದರೆ ಹೊಟ್ಟು. ನಾನು ಒಂದು ತೆನೆಯನ್ನು ಕಾಗದದಲ್ಲಿ ಸುತ್ತಿಕೊಂಡು, ತಂಗಿಯನ್ನೂ ಕರೆದುಕೊಂಡು ಬ್ಯಾಂಕಿಗೆ ಹೋಗಿ ಮೇಜಿನ ಮೇಲಿಟ್ಟೆ. ಬಂದು ನೋಡಲಿ ಎನ್ನುವುದು ನನ್ನ ಉದ್ದೇಶ. ಆಗಲೇ ಅವರು ಆ ಮಾತು ಹೇಳಿದ್ದು.

ಒಳಗಿನ ಕೋಣೆಯಲ್ಲಿದ್ದ ವ್ಯವಸ್ಥಾಪಕರು ಸಭ್ಯರು. ಕೂರಿಸಿ ವಿವರಿಸಿದರು. ಈ ವಿಮೆಯಲ್ಲಿ ಯಾರೂ ಒಬ್ಬೊಬ್ಬರ ಹೊಲಕ್ಕೆ ಬಂದು ನೋಡುವುದಿಲ್ಲ. ಖುಷ್ಕಿ ರಾಗಿಗೆ ಇಡೀ ಹೋಬಳಿಯೇ ಒಂದು ಹೊಲವಿದ್ದ ಹಾಗೆ. ಹಿಂದಿನ ಐದು ವರ್ಷ ಹೋಬಳಿಯಲ್ಲಿ ಎಕರೆಗೆ ಸರಾಸರಿ ಎಷ್ಟು ಬೆಳೆದಿದೆ ಎಂದು ನೋಡುತ್ತಾರೆ. ಅದರಲ್ಲಿ ಯೋಜನೆ ಎಷ್ಟು ಪಾಲಿಗೆ ಹೊಣೆ ಹೊತ್ತಿದೆಯೋ ಅಷ್ಟನ್ನು ಹಿಡಿದು ಒಂದು ಗೆರೆ ಎಳೆಯುತ್ತಾರೆ. ಅದು ಖಾತರಿ ಇಳುವರಿ. ಈ ವರ್ಷದ ಇಳುವರಿ ತಿಳಿಯಲು ಹೋಬಳಿಯಲ್ಲಿ ಚೀಟಿ ಎತ್ತಿದ ಹಾಗೆ ಕೆಲವು ಸರ್ವೆ ನಂಬರುಗಳನ್ನು ಆರಿಸಿ, ಪ್ರತಿಯೊಂದರಲ್ಲೂ ಒಂದು ಸಣ್ಣ ಚೌಕದ ಪೈರನ್ನು ಕೊಯ್ದು, ಬಡಿದು ತೂಗುತ್ತಾರೆ. ಅವುಗಳ ಸರಾಸರಿ ಗೆರೆಗಿಂತ ಕೆಳಗಿದ್ದರೆ ವಿಮೆ ಮಾಡಿಸಿದ ಎಲ್ಲರಿಗೂ ಪರಿಹಾರ. ಮೇಲಿದ್ದರೆ ಯಾರಿಗೂ ಇಲ್ಲ.

“ಗೆರೆ ಹತ್ತು ಪಲ್ಲ ಅಂತಿಟ್ಕೊಳ್ಳಿ. ಹೋಬಳಿ ಸರಾಸರಿ ಆರು ಬಂತು. ಹತ್ತರಲ್ಲಿ ನಾಲ್ಕು ಪಾಲು ಕಮ್ಮಿ ಆಯ್ತಲ್ವಾ? ವಿಮೆ ಮೊತ್ತದಲ್ಲೂ ಹತ್ತರಲ್ಲಿ ನಾಲ್ಕು ಪಾಲು ಬರುತ್ತೆ. ನಿಮ್ಮ ತಂಗಿಯವರಿಗೆ ಪೂರ್ತಿ ಹೋಗಿದ್ರೂ ಅಷ್ಟೇ, ಪಕ್ಕದವರಿಗೆ ತುಂಬ ಬೆಳೆದಿದ್ರೂ ಅಷ್ಟೇ.”

ತಂಗಿ ಅಷ್ಟೂ ಕೇಳಿ, “ಹಂಗಾದ್ರೆ ನನ್ ಹೊಲದ್ ಪರವಾಗಿ ಯಾವ್ದೋ ಹೊಲ ಸಾಕ್ಷಿ ಹೇಳ್ತದೆ ಅನ್ನಿ” ಎಂದಳು.

“ಹೌದಮ್ಮ. ಅದು ನಿಜ ಹೇಳಿದ್ರೆ ಸಾಕು.”

ವಾಪಸು ಬರುವಾಗ ಬಸ್ಸಿನಲ್ಲಿ ಅವಳು, ಇಡೀ ಹೋಬಳಿ ಒಣಗಿರುವುದರಿಂದ ಭಯವಿಲ್ಲವಲ್ಲ ಅಣ್ಣ ಎಂದು ಕೇಳಿದಳು. ಭಯವಿಲ್ಲ ಎಂದೆ. ಹೋಬಳಿಯ ಪಟ್ಟಿಯಲ್ಲಿ ಅವಳ ಊರಿನಿಂದ ಆಯ್ಕೆಯಾಗಿದ್ದ ಒಂದೇ ಒಂದು ಸರ್ವೆ ನಂಬರು ಯಾರದೆಂದು ನನಗಾಗ ತಿಳಿದಿರಲಿಲ್ಲ.

ಅದು ಅವಳ ಗಂಡನ ದೊಡ್ಡಪ್ಪನ ಮಗನದು. ಊರೆಲ್ಲ ಅವರನ್ನು ಯಜಮಾನರು ಎಂದೇ ಕರೆಯುತ್ತಿದ್ದುದು, ತಂಗಿ ಭಾವ ಎನ್ನುತ್ತಿದ್ದಳು. ಅವಳ ಮದುವೆಯಲ್ಲಿ ಊಟಕ್ಕೆ ಕೂರುವಾಗ, ಹೆಣ್ಣಿನ ಅಣ್ಣನಾದ ನನ್ನ ಭುಜ ಹಿಡಿದು “ಮೇಷ್ಟ್ರು ಎರಡನೇ ಪಂಕ್ತೀಲಿ ಕೂತ್ಕತಾರೆ” ಎಂದು ಎಬ್ಬಿಸಿ, ಆ ಎಲೆಗೆ ತಮ್ಮ ಕಡೆಯ ಲಾರಿ ಮಾಲೀಕನೊಬ್ಬನನ್ನು ಕೂರಿಸಿದವರು ಇವರೇ. ಎರಡನೇ ಪಂಕ್ತಿಗೆ ಹೋಳಿಗೆ ಮುಗಿದಿತ್ತು. ಇದನ್ನು ಇಲ್ಲಿ ಬರೆಯುವುದು ಹಗೆಯಿಂದಲ್ಲ, ಮುಂದಿನದು ಅರ್ಥವಾಗಲೆಂದು.

ಯಜಮಾನರು ತಮ್ಮ ಹೊಲದ ಪಕ್ಕದಲ್ಲೇ ಸಾಲಾಗಿ ಶೀಟಿನ ಕೋಣೆಗಳನ್ನು ಕಟ್ಟಿಸಿ, ಯಾದಗಿರಿ ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಸಂಸಾರಗಳಿಗೆ ಬಾಡಿಗೆ ಕೊಟ್ಟಿದ್ದರು. ಅವರಿಗೆಂದೇ ಒಂದು ಬೋರ್‌ವೆಲ್ ಹಾಕಿಸಿದ್ದರು. ಕೊಯ್ಲಿನ ಕಾಲ ಹತ್ತಿರವಾದಾಗ ನಾನು ತಂಗಿಯ ಮನೆಗೆ ಹೋಗುತ್ತ ಆ ಕೋಣೆಗಳ ಮುಂದೆ ಹಾದೆ. ನಲ್ಲಿಯ ಮುಂದೆ ಖಾಲಿ ಕೊಡಗಳ ಸಾಲು. ಒಬ್ಬಾಕೆ ನನ್ನ ಪಂಚೆ, ಕನ್ನಡಕ ನೋಡಿ ಊರ ಹಿರಿಯನೆಂದು ಭಾವಿಸಿದಳೋ ಏನೋ, ದೂರು ತೆಗೆದಳು.

“ರೀ ಮಾಸ್ತರ್ರ, ನಿಮ್ಮ ಯಜಮಾನ್ರಿಗಿ ಒಂದ್ ಮಾತ್ ಹೇಳ್ರೀ. ನಮ್ಮ ನಳ ಬಂದ್ ಮಾಡಿ ರಾಗಿಗಿ ನೀರ್ ಬಿಡ್ಲಿಕತ್ಯಾರ. ಕೂಸುಗಳಿಗಿ ಜಳಕಿಲ್ಲ, ರಾಗಿಗಿ ದಿನಾ ಜಳಕ. ಅದರದೇನ್ ಲಗ್ನ ಐತೇನ್ರೀ?”

ಹೊರಳಿ ನೋಡಿದೆ. ಸುತ್ತಲಿನ ಹೊಲಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದರೆ ಯಜಮಾನರ ರಾಗಿ ಮಾತ್ರ ತೆನೆಯ ಭಾರಕ್ಕೆ ಬಾಗಿ ನಿಂತಿತ್ತು. ಕರಿ ಪೈಪೊಂದು ಬದುವಿನಗುಂಟ ಮಲಗಿತ್ತು.

ಯಜಮಾನರು ಜಗಲಿಯ ಮೇಲಿದ್ದರು. ನಾನು ಕೂರದೆ ಕೇಳಿದೆ, ಖುಷ್ಕಿ ಹೊಲಕ್ಕೆ ನೀರೇಕೆ ಎಂದು.

“ಗೊತ್ತಿಲ್ವಾ ಮೇಷ್ಟ್ರೇ? ಸರ್ಕಾರದವ್ರು ನನ್ ಹೊಲಾನೇ ಆರ್ಸವ್ರೆ. ಊರಿಗೆಲ್ಲ ಒಂದೇ ಹೊಲ. ಲೆಕ್ಕಿಗ ಬಂದು, ‘ನಾ ಬರೋಗಂಟ ಕೊಯ್ಬೇಡಿ’ ಅಂತ ಹೇಳ್ಬುಟ್ಟು ಹೋಗವ್ನೆ. ದಾರ ಕಟ್ಟಿ, ಗೂಟ ಹೊಡ್ದು, ಕೊಯ್ದು ತೂಗ್ತಾರೆ. ನಮ್ಮಪ್ಪನ ಕಾಲದಾಗೂ ಹಿಂಗೇ ಬಂದು ತೂಗಿದ್ರು. ಹೋಬಳಿಗೇ ಫಸ್ಟು.” ಅವರು ಒಳಗೆ ಕೈ ತೋರಿಸಿದರು. ಅಟ್ಟದ ಮೇಲೆ ಹುಣಸೆಹಣ್ಣು ಹಾಕಿ ತಿಕ್ಕಿದ ಒಂದು ತಾಮ್ರದ ಬಿಂದಿಗೆ ಹೊಳೆಯುತ್ತಿತ್ತು. “ಅದು ಅವಾಗ್ ಕೊಟ್ಟಿದ್ದು.”

ಆಗ ನನಗೆ ಎಲ್ಲವೂ ತಿಳಿಯಿತು. ಹಿಂದೆ ರೈತರಿಗೆ ಬೆಳೆ ಸ್ಪರ್ಧೆಗಳು ನಡೆಯುತ್ತಿದ್ದವು. ಅಲ್ಲಿಯೂ ಅಧಿಕಾರಿಗಳು ಬಂದು ಅದೇ ದಾರ, ಅದೇ ಗೂಟದಿಂದ ಚೌಕ ಅಳೆದು ತೂಗಿ, ಹೆಚ್ಚು ಬೆಳೆದವರಿಗೆ ಬಹುಮಾನ ಕೊಡುತ್ತಿದ್ದರು. ಯಜಮಾನರು ಇದನ್ನೂ ಸ್ಪರ್ಧೆಯೆಂದೇ ತಿಳಿದು, ಊರಿನ ಮಾನ ಉಳಿಸಲು ಬಾಡಿಗೆದಾರರ ನೀರನ್ನು ರಾಗಿಗೆ ಹಾಯಿಸಿದ್ದರು.

ಇದು ಬಹುಮಾನದ ತೂಕವಲ್ಲ, ವಿಮೆಯ ತೂಕ ಎಂದು ಸಾಧ್ಯವಾದಷ್ಟು ಸಮಾಧಾನದಿಂದ ಬಿಡಿಸಿ ಹೇಳಿದೆ. ಕೆಲವೇ ಜನರನ್ನು ನಿಲ್ಲಿಸಿ ಊರಿನ ಸರಾಸರಿ ಎತ್ತರ ಅಳೆಯುವಾಗ ಒಬ್ಬ ಕುರ್ಚಿ ಹತ್ತಿ ನಿಂತರೆ ಎಲ್ಲರೂ ಎತ್ತರದವರೆಂದು ಲೆಕ್ಕವಾಗುತ್ತದೆ ಎಂದೆ. ನಿಮ್ಮ ಚೌಕದ ಒಂದು ತೂಕ ಹೋಬಳಿಯ ಸರಾಸರಿಯನ್ನು ಗೆರೆಯ ಮೇಲಕ್ಕೆ ಎತ್ತಿದರೆ ನನ್ನ ತಂಗಿಗೆ ವಿಮೆ ಬರುವುದಿಲ್ಲ, ಅವಳ ಹೊಲ ಜಲ್ಲಿಯವರ ಪಾಲು ಎಂದೆ.

ಅವರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಲಿಲ್ಲ. “ಮೇಷ್ಟ್ರೇ, ಅವ್ರ್ ಹೊಲ ಒಣಗಿದ್ರೆ ನನ್ ಹೊಲಾನೂ ಒಣಗ್ಬೇಕಾ? ಇದ್ಯಾವ್ ನ್ಯಾಯ? ನಿಮಗೆ ಮದ್ವೆ ದಿನದ್ ಹೋಳಿಗೆ ಇನ್ನೂ ಗಂಟ್ಲಾಗ್ ಸಿಕ್ಕಂಡದೆ.”

“ಹೋಳಿಗೆ ಸಿಕ್ಕಿದ್ದರಲ್ಲವೇ ಗಂಟಲಲ್ಲಿ ಸಿಕ್ಕಿಕೊಳ್ಳೋದು?” ಎಂದು ಹೇಳಿ ಹೊರಟುಬಂದೆ. ಮಾತಿನಲ್ಲಿ ಗೆದ್ದೆ, ಕೆಲಸ ಕೆಟ್ಟಿತು. ಮಾರನೆಯ ದಿನವೂ ಪೈಪು ಅಲ್ಲಿಯೇ ಇತ್ತು.

ಕಟಾವಿನ ದಿನ ಬೆಳಿಗ್ಗೆ ಗ್ರಾಮ ಲೆಕ್ಕಿಗರೂ ಕೃಷಿ ಇಲಾಖೆಯ ಸಹಾಯಕರೊಬ್ಬರೂ ಬಂದರು. ಅಳತೆ ಟೇಪು, ದಾರ, ಗೂಟ, ತಕ್ಕಡಿ. ಯಜಮಾನರು ಬಿಳಿ ಪೇಟ ಸುತ್ತಿ ನಿಂತಿದ್ದರು. ಬಂದವರಿಗೆ ಎಳನೀರು ಕೆಡವಿಸಿದ್ದರು. ಹೊಲದ ನೈರುತ್ಯ ಮೂಲೆಯಿಂದ ಉದ್ದಕ್ಕೆಷ್ಟು ಅಡ್ಡಕ್ಕೆಷ್ಟು ಹೋಗಬೇಕೆಂದು ಅವರು ತಂದ ಕೋಷ್ಟಕದ ಅಂಕಿ ಹೇಳುತ್ತದೆ. ಯಾರೂ ತಮಗೆ ಬೇಕಾದ ಕಡೆ ಚೌಕ ಹಾಕುವಂತಿಲ್ಲ. ಯಜಮಾನರು ಮಾತ್ರ, “ಈ ಕಡೆ ಬನ್ನಿ ಸೋಮಿ, ಇಲ್ಲಿ ತೆನೆ ಜೋರಾಗವೆ” ಎಂದು ಕರೆಯುತ್ತಲೇ ಇದ್ದರು.

“ಹಂಗೆಲ್ಲ ಬರಂಗಿಲ್ಲ ಯಜಮಾನ್ರೇ, ಅಂಕಿ ಕರ್ದ್ ಕಡೆ ಹೋಗ್ಬೇಕು” ಎಂದು ಲೆಕ್ಕಿಗರು ಹೆಜ್ಜೆಯಿಟ್ಟರು. ಚಪ್ಪಲಿ ಕೆಸರಿನಲ್ಲಿ ಹೂತಿತು. ಅವರು ಚಪ್ಪಲಿಯನ್ನೂ ನೋಡಿದರು, ಆಕಾಶವನ್ನೂ ನೋಡಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಕಾಗದ ಬಿಚ್ಚಿದರು. “ಇಲ್ಲೊಂದು ಕಾಲಂ ಇದೆ ಯಜಮಾನ್ರೇ. ನೀರಾವರಿನಾ, ಖುಷ್ಕಿನಾ ಅಂತ. ನಮ್ ಲಿಸ್ಟಲ್ಲಿ ಇದು ಖುಷ್ಕಿ. ಖುಷ್ಕಿ ರಾಗಿ ಲೆಕ್ಕ ಬೇರೆ, ನೀರಾವರಿ ರಾಗಿ ಲೆಕ್ಕ ಬೇರೆ. ನೀರು ಹಾಯ್ಸಿದ್ದೀರಾ?”

“ಅಲ್ಲೊಂದಿಲ್ಲೊಂದು ಮಳೆ ಬಿತ್ತು” ಎಂದರು ಯಜಮಾನರು.

“ನಿಮ್ ಹೊಲದ್ ಮ್ಯಾಗ್ ಮಾತ್ರ ಬಿತ್ತೇನ್ರೀ ಮಳಿ? ನಮ್ಮ ಕೊಡದಾಗ ಬೀಳ್ಲಿಲ್ಲ” ಎಂದು ಬದುವಿನ ಮೇಲೆ ನಿಂತಿದ್ದ ಆ ಬಾಡಿಗೆದಾರ ಹೆಂಗಸು ಅಂದಳು. ಒಂದಿಬ್ಬರು ನಕ್ಕರು. ಯಜಮಾನರ ಮುಖ ಬಿಗಿಯಿತು. ಎಲ್ಲರೆದುರು ಒಪ್ಪಿಕೊಂಡರೆ ಬಿಂದಿಗೆ ಗೆದ್ದ ಮನೆಯವರು ಮೋಸಗಾರರೆನಿಸುತ್ತಾರೆ ಎಂದು ಅವರು ಹೆದರಿದ್ದು ನನಗೆ ಕಾಣಿಸಿತು. ನನ್ನ ಬಾಯಲ್ಲಿ ಒಳ್ಳೆಯದೊಂದು ವಾಕ್ಯ ಸಿದ್ಧವಿತ್ತು. ತಂಗಿ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದು, ತಾನು ಮುಂದೆ ಹೋದಳು. ಸೆರಗಿನಲ್ಲಿ ಅವಳ ಹೊಲದ ತೆನೆಗಳಿದ್ದವು. ಒಂದನ್ನು ತೆಗೆದು ಯಜಮಾನರ ಅಂಗೈಗೆ ಹಾಕಿದಳು.

“ಉಜ್ಜಿ ನೋಡಿ ಭಾವ.”

ಅವರು ಉಜ್ಜಿದರು. ಊದಿದರು. ಅಂಗೈಯಲ್ಲಿ ಏನೂ ಉಳಿಯಲಿಲ್ಲ.

“ನಿಮ್ ಹೊಲ ಚಂದಾಗದೆ. ನಂಗೇನ್ ಹೊಟ್ಟೆಕಿಚ್ಚಿಲ್ಲ. ಆದ್ರೆ ಇವತ್ತು ಅದು ನಿಮ್ ಮಾತಾಡ್ತಿಲ್ಲ ಭಾವ, ನನ್ ಮಾತಾಡ್ತದೆ. ನಾನ್ ತುಂಬ ಬೆಳ್ದಿದೀನಿ ಅಂತ ಹೇಳ್ತದೆ.”

ಯಜಮಾನರು ಅಂಗೈಯನ್ನು ಪಂಚೆಗೆ ಒರೆಸಿಕೊಂಡರು. ಒಮ್ಮೆ ತಮ್ಮ ರಾಗಿಯ ಕಡೆ ನೋಡಿ, ಲೆಕ್ಕಿಗರಿಗೆ, “ಬರ್ಕಳಪ್ಪ. ಬೋರ್ ನೀರು ಹಾಯ್ಸಿದೀನಿ. ದಿನಾ ಹಾಯ್ಸಿದೀನಿ” ಎಂದರು. ಆಮೇಲೆ ಮೆಲ್ಲಗೆ, “ಅದ್ ಬುಟ್ಟಾಕಿ, ಒಂದ್ಸಲ ತೂಗಿ ಮಾತ್ರ ಹೇಳ್ಬುಡು, ಎಷ್ಟ್ ಬತ್ತದೆ ಅಂತ” ಎಂದರು.

“ಆಗಲ್ಲ ಯಜಮಾನ್ರೇ. ಇದು ಖುಷ್ಕಿ ಅಲ್ಲ ಅಂದ್ಮೇಲೆ ಮುಂದಿನ ನಂಬರ್‌ಗೆ ಹೋಗ್ಬೇಕು.”

ಕೃಷಿ ಸಹಾಯಕರು ಬದಲಾವಣೆಯ ಕಾರಣ ಬರೆದು ಸಹಿ ಹಾಕಿದರು. ಯಜಮಾನರೂ ಹಾಕಿದರು. ಖುಷ್ಕಿ ರಾಗಿಯಿದ್ದ ಮುಂದಿನ ಸರ್ವೆ ನಂಬರು ಒಂದು ಬೇಲಿಯಾಚೆಗಿತ್ತು. ಅದು ತಂಗಿಯದಲ್ಲ, ಬೇರೊಬ್ಬರದು. ಅಲ್ಲಿ ಮತ್ತೆ ನೈರುತ್ಯ ಮೂಲೆಯಿಂದ ಅಳೆದು, ಗೂಟ ಹೊಡೆದು, ದಾರ ಎಳೆದು, ಚೌಕ ಸೊಟ್ಟಗಿಲ್ಲವೆಂದು ಕರ್ಣ ಅಳೆದು ನೋಡಿ ಕೊಯ್ದರು. ತೆನೆಗಳನ್ನು ಬಡಿದು ತೂರಿದಾಗ ಉಳಿದ ಕಾಳು ಒಂದು ಮೊರವನ್ನೂ ತುಂಬಲಿಲ್ಲ. ತೂಗಿ ಬರೆದುಕೊಂಡರು, ಒಣಗಿಸಿ ಮತ್ತೊಮ್ಮೆ ತೂಗುತ್ತೇವೆ ಎಂದರು. ಅಷ್ಟು ಕಡಿಮೆ ಕಾಳನ್ನು ನೋಡಿ ನಾವು ಸಮಾಧಾನದ ಉಸಿರು ಬಿಟ್ಟೆವು. ಇಂಥ ಸಂತೋಷವೂ ಉಂಟೇ ಎಂದು ಆ ಹೊಲದವನು ನಮ್ಮನ್ನು ವಿಚಿತ್ರವಾಗಿ ನೋಡಿದ.

ಯಜಮಾನರು ಅಂದೇ ಸಂಜೆ ತಮ್ಮ ಹೊಲದಲ್ಲಿ ತಾವೇ ದಾರ ಕಟ್ಟಿ ಕೊಯ್ಯಿಸಿ ತೂಗಿಸಿ, ತೂಕವನ್ನು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದರಂತೆ. ಬಾಡಿಗೆದಾರರ ನಲ್ಲಿಗೂ ನೀರು ಬಂತು.

ಮುಂಗಾರು ಹತ್ತಿರ ಬಂದರೂ ಪರಿಹಾರ ಬರಲಿಲ್ಲ. ಹೋಬಳಿಯ ಸರಾಸರಿ ಖಾತರಿ ಗೆರೆಗಿಂತ ಚೆನ್ನಾಗಿ ಕೆಳಗಿಳಿದಿದೆ, ಕಾಗದಗಳು ಮೇಲೆ ಹೋಗಿವೆ, ಬರುವುದಂತೂ ಬರುತ್ತದೆ ಎಂದು ಲೆಕ್ಕಿಗರು ಹೇಳಿದರು. ತಂಗಿಯ ಗಂಡ ಮಾತಿಗೆ ತಪ್ಪುವವನಲ್ಲ. “ಬತ್ತದೆ ಅಂತಾದ್ರೆ ಬಿತ್ಲಿ. ಬೀಜಕ್ಕೇನ್ ಮಾಡ್ತೀಯ? ನಿನ್ ಮನೇಲಿ ಹೊಟ್ಟು ಬಿಟ್ರೆ ಇನ್ನೇನಿಲ್ಲ” ಎಂದ. ಜಲ್ಲಿ ವ್ಯಾಪಾರಿಗೆ ಬೇರೆ ಜಾಗ ನೋಡಿಕೊಳ್ಳಲು ಹೇಳಿ ಕಳಿಸಿದ್ದ ಎಂಬುದು ನಮಗೆ ಆಮೇಲೆ ತಿಳಿಯಿತು.

ಮಾರನೆಯ ಭಾನುವಾರ ನಾನು ಹೋದಾಗ ಯಜಮಾನರು ಭುಜದ ಮೇಲೆ ಒಂದು ಚೀಲ ಹೊತ್ತು ತಂಗಿಯ ಪಡಸಾಲೆಗೆ ಬಂದರು. ನೀರು ಕುಡಿದು ಬೆಳೆದ ಆ ರಾಗಿ. ತೆನೆ ಆರಿಸಿ ಬೀಜಕ್ಕೆಂದೇ ಬೇರೆ ಇಟ್ಟದ್ದು. ಚೀಲ ಇಳಿಸಿ, “ಬಿತ್ಕಳಮ್ಮಿ. ಇದು ಸುಳ್ ಹೇಳಲ್ಲ” ಎಂದರು. ನನ್ನ ಕಡೆ ತಿರುಗಿ, “ಮೇಷ್ಟ್ರೇ, ನನ್ಗೂ ವಿಮೆ ಬತ್ತದಂತೆ. ಸೊಸೈಟಿಲಿ ಸಾಲ ತಕ್ಕಂಡಿದ್ನಲ್ಲ, ಅದ್ರಾಗೇ ಹಿಡ್ಕಂಡವ್ರೆ. ಖುಷ್ಕಿ ಅಂತ ಬರ್ಸಿದ್ದೆ” ಎಂದರು. ಅವರಿಗೆ ನಾಚಿಕೆಯಾಗಿತ್ತೋ ನಗು ಬಂದಿತ್ತೋ ಹೇಳಲಾರೆ.

ನಾನು ಲೆಕ್ಕ ಹಾಕಿದೆ. ಒಂದು ಕಾಳೂ ಸಿಗದ ನನ್ನ ತಂಗಿಗೂ, ಕಣಜ ತುಂಬಿಸಿಕೊಂಡ ಇವರಿಗೂ ವಿಮೆ ಮೊತ್ತದ ಒಂದೇ ಪಾಲು. ಹೋಬಳಿಯನ್ನೇ ಒಂದು ಹೊಲವೆಂದು ಎಣಿಸಿದ ಮೇಲೆ ಇದು ಬಿಡಿಸಿಕೊಳ್ಳಲಾಗದ ಫಲ. ಬ್ಯಾಂಕಿನ ವ್ಯವಸ್ಥಾಪಕರು ಮೊದಲೇ ಹೇಳಿದ್ದರು. ಅರ್ಥವಾಗಿತ್ತು, ಒಪ್ಪಿಗೆಯಾಗಿರಲಿಲ್ಲ. ಇವತ್ತಿಗೂ ಆಗಿಲ್ಲ.

ಪರಿಹಾರ ಬಂದಾಗ ತಂಗಿಯ ಹೊಸ ರಾಗಿ ಮೊಣಕಾಲೆತ್ತರ ಇತ್ತು. ಸಾಲುಗಳ ನಡುವೆ ಅವರೆ ಬಳ್ಳಿ ಹಬ್ಬಲು ಶುರುವಾಗಿತ್ತು. ಬ್ಯಾಂಕಿನಲ್ಲಿ ಅದೇ ಗುಮಾಸ್ತರು, “ಬಂತಲ್ಲ ಸಾರ್” ಎಂದರು. ಈ ಸಲ ತಲೆ ಎತ್ತಿದರು. ಕುರ್ಚಿಯನ್ನು ತಂಗಿಯ ಕಡೆ ಸರಿಸಿದರು. ನಾನು ನಿಂತೇ ಇದ್ದೆ.

ಆ ಅವರೆ ಸೊಗಡು ಕಟ್ಟಿದಾಗ ಯಜಮಾನರ ಮನೆಯಲ್ಲಿ ಊಟಕ್ಕೆ ಕರೆದರು. ಹಿತಕಿದ ಬೇಳೆ ಸಾರು, ಹೋಳಿಗೆ. ಮೊದಲನೇ ಪಂಕ್ತಿಯಲ್ಲಿ ಎಲೆ ಹಾಕಿಸಿ, “ಬನ್ನಿ ಮೇಷ್ಟ್ರೇ, ಕೂತ್ಕಳಿ” ಎಂದು ಯಜಮಾನರೇ ಕೈ ಹಿಡಿದು ಕರೆದರು. ನಾನು ಕೂತೆ, ಹೋಳಿಗೆಯನ್ನೂ ತಿಂದೆ. ಅದು ಚೆನ್ನಾಗಿತ್ತು. ಆದರೆ ಅದು ಈ ವರ್ಷದ ಹೋಳಿಗೆ. ಮದುವೆಯ ದಿನದ್ದರ ಬಾಬ್ತು ಅದರಲ್ಲಿ ಸೇರುವುದಿಲ್ಲ ಎಂದು ಅವರಿಗೆ ಹೇಳಬೇಕೆನ್ನುವಷ್ಟರಲ್ಲಿ, ತಂಗಿ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ತುಪ್ಪ ಸುರಿದು, ಮುಂದಿನ ಎಲೆಗೆ ಹೋದಳು.